ಪ್ರೋಟೀನಿಗೆ ಪಿನ್‌ಕೋಡ್ ಇಲ್ಲ

ತುಮಕೂರು ನಗರಕ್ಕೆ 572101, ಗುಬ್ಬಿಗೆ 572216, ಕುಣಿಗಲ್‌ಗೆ 572130. ಅಂಕಿ ತಪ್ಪಿದರೆ ಗುಬ್ಬಿಗೆ ಬರಬೇಕಾದ ಕಾಗದ ಊರೂರು ಸುತ್ತಿ ಬರುತ್ತದೆ. ಜೀವಕೋಶದಲ್ಲಿ ಹೊಸದಾಗಿ ತಯಾರಾದ ಪ್ರೋಟೀನು ತನ್ನ ಜಾಗ ಸೇರುವುದನ್ನು ವಿವರಿಸುವಾಗಲೂ ಈ ಹೋಲಿಕೆಯನ್ನೇ ಕೊಡುವುದು ರೂಢಿ: ಪ್ರೋಟೀನಿನ ತುದಿಯಲ್ಲಿ ಸಿಗ್ನಲ್ ಪೆಪ್ಟೈಡ್ ಎಂಬ ಪಿನ್‌ಕೋಡ್ ಇರುತ್ತದೆ, ಕೋಶ ಅದನ್ನು ಓದಿ ಬಟವಾಡೆ ಮಾಡುತ್ತದೆ. ಕೇಳಲು ಚೆನ್ನಾಗಿದೆ. ಆದರೆ ಪರೀಕ್ಷೆಗೆ ಇದನ್ನೇ ಉರು ಹೊಡೆದವರ ತಲೆಯಲ್ಲಿ ಹಲವು ತಪ್ಪು ಕಲ್ಪನೆಗಳು ಉಳಿದುಬಿಡುತ್ತವೆ. ಅವನ್ನು ಬಿಡಿಸಲು ಈ ಸೀಮೆಯ ರಾಗಿ ಕಾಳೇ ಸಾಕು.

ಮಗುವಿನ ಸರಿಗೆ ರಾಗಿಯನ್ನು ರಾತ್ರಿ ನೆನೆಹಾಕಿ, ನೀರು ಬಸಿದು, ಒದ್ದೆ ಬಟ್ಟೆಯಲ್ಲಿ ಕಟ್ಟಿಡುತ್ತಾರೆ. ಒಂದೆರಡು ದಿನದಲ್ಲಿ ಬಿಳಿ ಮೊಳಕೆ ಬರುತ್ತದೆ. ಒಣಗಿಸಿ, ಹದವಾಗಿ ಹುರಿದು, ಮೊಳಕೆ ಉಜ್ಜಿ ತೆಗೆದು ಬೀಸಿದರೆ ಹಿಟ್ಟಿಗೆ ಒಂದು ಸಣ್ಣ ಸಿಹಿ. ನೀರು ಕುಡಿದ ಪಿಷ್ಟ ತಾನಾಗಿಯೇ ಸಿಹಿಯಾಗುತ್ತದೆ ಎಂದು ಅನೇಕರು ನಂಬಿದ್ದಾರೆ. ಹಾಗೇನಿಲ್ಲ. ಪಿಷ್ಟವನ್ನು ಕತ್ತರಿಸುವುದು ಆಲ್ಫಾ ಅಮೈಲೇಸ್ ಎಂಬ ಕಿಣ್ವ. ಅದೂ ಒಂದು ಪ್ರೋಟೀನು. ಅನುಮಾನವಿದ್ದವರು ಮಾಮೂಲಿ ರಾಗಿ ಹಿಟ್ಟಿನ ಗಟ್ಟಿ ಗಂಜಿ ಕಾಯಿಸಿ, 60 ಡಿಗ್ರಿಯ ಆಸುಪಾಸಿಗೆ ಆರಿದ ಮೇಲೆ ಒಂದು ಚಮಚ ಮೊಳಕೆ ಹಿಟ್ಟು ಹಾಕಿ ಕಲಕಿ ನೋಡಲಿ. ಕೆಲವೇ ನಿಮಿಷಗಳಲ್ಲಿ ಗಂಜಿ ತೆಳ್ಳಗಾಗುತ್ತದೆ. ಹುರಿಯುವಾಗ ಕಪ್ಪಾಗುವಷ್ಟು ಬಿಸಿ ತಾಗಿದ್ದರೆ ಕಿಣ್ವ ಸತ್ತಿರುತ್ತದೆ, ಗಂಜಿ ಇದ್ದಂತೆಯೇ ಇರುತ್ತದೆ. ಮೈಸೂರಿನ ಸಿಎಫ್‌ಟಿಆರ್‌ಐನಲ್ಲಿ ಎನ್.ಜಿ. ಮಲ್ಲೇಶಿ ಮತ್ತು ಎಚ್.ಎಸ್.ಆರ್. ದೇಶಿಕಾಚಾರ್ ರಾಗಿ ಮಾಲ್ಟ್ ಬಗ್ಗೆ ವಿವರವಾಗಿ ಅಧ್ಯಯನ ಮಾಡಿದ್ದರ ಹಿಂದೆ ಇದ್ದದ್ದೂ ಈ ಗುಣವೇ: ಸರಿ ತೆಳ್ಳಗಿದ್ದರೆ ಅಷ್ಟೇ ಬಟ್ಟಲಿನಲ್ಲಿ ಮಗುವಿಗೆ ಹೆಚ್ಚು ಹಿಟ್ಟು ತಿನ್ನಿಸಬಹುದು.

ಕಾಳಿನೊಳಗೆ ಒಂದು ಪೇಚಿದೆ. ಪಿಷ್ಟ ತುಂಬಿರುವ ಭಾಗದ ಕೋಶಗಳು ಕಾಳು ಬಲಿಯುವ ಹೊತ್ತಿಗೇ ಸತ್ತಿರುತ್ತವೆ. ಅವು ಹೊಸದಾಗಿ ಏನನ್ನೂ ತಯಾರಿಸಲಾರವು. ಧಾನ್ಯಗಳಲ್ಲಿ ಅಮೈಲೇಸ್ ತಯಾರಿಸುವುದು ಅದರ ಸುತ್ತಲಿನ ಅಲ್ಯೂರೋನ್ ಪದರ ಮತ್ತು ಭ್ರೂಣಕ್ಕೆ ಅಂಟಿಕೊಂಡ ಸ್ಕುಟೆಲ್ಲಮ್. ಅಂದರೆ ಕಿಣ್ವ ತಯಾರಾದ ಕೋಶವನ್ನು ಬಿಟ್ಟು ಹೊರಗೆ ಬರಲೇಬೇಕು. ಬಾರ್ಲಿ ಮತ್ತು ಭತ್ತದಲ್ಲಿ ಈ ದಾರಿಯನ್ನು ಹೆಜ್ಜೆಹೆಜ್ಜೆಯಾಗಿ ಗುರುತಿಸಿದ್ದಾರೆ.

ಮೊದಲ ತಪ್ಪು ಕಲ್ಪನೆ ಇಲ್ಲಿ ಎದುರಾಗುತ್ತದೆ: ಪ್ರೋಟೀನು ಪೂರ್ತಿ ತಯಾರಾಗುತ್ತದೆ, ಆಮೇಲೆ ವಿಳಾಸ ನೋಡಿಕೊಂಡು ಹೊರಡುತ್ತದೆ. ಅಮೈಲೇಸ್ ವಿಷಯದಲ್ಲಿ ಇದು ಸುಳ್ಳು. ರೈಬೋಸೋಮಿನಿಂದ ಮೊದಲು ಹೊರಬರುವ ಇಪ್ಪತ್ತು ಚಿಲ್ಲರೆ ಅಮೈನೋ ಆಮ್ಲಗಳೇ ಸಿಗ್ನಲ್ ಪೆಪ್ಟೈಡ್. ಅದು ತಲೆ ಹೊರಹಾಕುತ್ತಿದ್ದಂತೆ ಎಸ್‌ಆರ್‌ಪಿ ಎಂಬ ಕಣ ಬಂದು ಹಿಡಿದುಕೊಳ್ಳುತ್ತದೆ, ತಯಾರಿಕೆಯ ವೇಗ ತಗ್ಗುತ್ತದೆ. ಎಸ್‌ಆರ್‌ಪಿ ಇಡೀ ರೈಬೋಸೋಮನ್ನೇ ಎಂಡೋಪ್ಲಾಸ್ಮಿಕ್ ರೆಟಿಕ್ಯುಲಮ್, ಅಂದರೆ ಇಆರ್ ಪೊರೆಗೆ ಒಯ್ದು ಕೂರಿಸುತ್ತದೆ. ಉಳಿದ ಸರಪಳಿ ತಯಾರಾಗುತ್ತಾ ಆಗುತ್ತಲೇ ಪೊರೆಯ ಕಿಂಡಿಯ ಮೂಲಕ ಒಳಗೆ ನುಗ್ಗುತ್ತದೆ. ಇಆರ್ ಮೇಲೆ ಕೂತ ರೈಬೋಸೋಮುಗಳು ಬೇರೆ ಜಾತಿಯವು ಎಂದು ತಿಳಿದವರೂ ಇದ್ದಾರೆ; ಇಲ್ಲ, ಎಲ್ಲವೂ ಒಂದೇ. ಯಾವುದರಿಂದ ಸಿಗ್ನಲ್ ಹೊರಬಂತೋ ಅದು ಪೊರೆ ಸೇರಿತು, ಅಷ್ಟೇ.

ಇದನ್ನು ಕಂಡುಕೊಂಡ ಬಗೆಯೂ ಸ್ವಾರಸ್ಯವಾಗಿದೆ. ನ್ಯೂಯಾರ್ಕಿನ ರಾಕ್‌ಫೆಲರ್ ವಿಶ್ವವಿದ್ಯಾಲಯದಲ್ಲಿ ಗುಂಟರ್ ಬ್ಲೋಬೆಲ್ ಮತ್ತು ಜೊತೆಗಾರರು ಕೋಶದ ಹೊರಗೆ, ಕೊಳವೆಯಲ್ಲೇ ಪ್ರೋಟೀನು ತಯಾರಿಸಿದರು. ಅದಕ್ಕೆ ಅವರು ಬಳಸಿದ್ದರಲ್ಲಿ ಗೋಧಿಯ ಭ್ರೂಣದ ಸಾರವೂ ಒಂದು. ಪೊರೆ ಇಲ್ಲದೆ ತಯಾರಿಸಿದಾಗ ಪ್ರೋಟೀನು ತುಸು ಉದ್ದವಾಗಿತ್ತು. ನಾಯಿಯ ಮೇದೋಜೀರಕ ಗ್ರಂಥಿಯ ಇಆರ್ ಪೊರೆಯನ್ನು ಮೊದಲೇ ಬೆರೆಸಿದಾಗ ಗಿಡ್ಡವಾಯಿತು: ಸಿಗ್ನಲ್ ಕತ್ತರಿಸಿ ಹೋಗಿತ್ತು. ಪ್ರೋಟೀನು ತಿನ್ನುವ ಕಿಣ್ವ ಸುರಿದರೂ ಅದಕ್ಕೆ ಏನೂ ಆಗಲಿಲ್ಲ, ಏಕೆಂದರೆ ಅದು ಪೊರೆಯೊಳಗೆ ಸೇರಿಕೊಂಡಿತ್ತು. ತಯಾರಿಕೆ ಮುಗಿದ ಮೇಲೆ ಪೊರೆ ಬೆರೆಸಿದರೆ ಎರಡೂ ಆಗಲಿಲ್ಲ. ಬ್ಲೋಬೆಲ್‌ಗೆ ಈ ಕೆಲಸಕ್ಕಾಗಿ 1999ರಲ್ಲಿ ನೊಬೆಲ್ ಬಂತು.

ಹಾಗಂತ ಎಲ್ಲ ಪ್ರೋಟೀನುಗಳೂ ತಯಾರಾಗುತ್ತಲೇ ಒಳಗೆ ಹೋಗುತ್ತವೆ ಎಂದುಕೊಂಡರೆ ಅದು ಇನ್ನೊಂದು ತಪ್ಪು. ಪಿಷ್ಟವನ್ನು ಮುರಿಯುವ ಕಿಣ್ವದ ಕಥೆ ಹೀಗಾದರೆ, ಕಾಳು ತುಂಬುವಾಗ ಅದೇ ಪಿಷ್ಟವನ್ನು ಕಟ್ಟುವ ಸ್ಟಾರ್ಚ್ ಸಿಂಥೇಸ್‌ನದು ಬೇರೆ. ಅದು ಸೇರಬೇಕಾದ್ದು ಅಮೈಲೋಪ್ಲಾಸ್ಟ್. ಈ ಕಿಣ್ವ ಮೊದಲು ಪೂರ್ತಿ ತಯಾರಾಗುತ್ತದೆ, ಸರಪಳಿ ಮಡಚಿಕೊಳ್ಳದಂತೆ ಬೇರೆ ಪ್ರೋಟೀನುಗಳು ಕಾಯುತ್ತವೆ. ಆಮೇಲೆ ಅದು ಅಮೈಲೋಪ್ಲಾಸ್ಟಿನ ಎರಡು ಪೊರೆ ದಾಟಿ ಒಳಹೋಗುತ್ತದೆ. ಅದರ ತುದಿಯಲ್ಲಿರುವುದು ಟ್ರಾನ್ಸಿಟ್ ಪೆಪ್ಟೈಡ್. ಎಸ್‌ಆರ್‌ಪಿ ಅದನ್ನು ಮುಟ್ಟುವುದಿಲ್ಲ.

ಇನ್ನು ಪಿನ್‌ಕೋಡಿನ ಹೋಲಿಕೆ ಪೂರ್ತಿ ಕೈಕೊಡುವ ಜಾಗ. ಸಿಗ್ನಲ್ ಪೆಪ್ಟೈಡಿಗೆ ನಿಗದಿತ ಅಕ್ಷರಮಾಲೆ ಇದೆ, ಒಂದು ಅಕ್ಷರ ಬದಲಾದರೆ ಕೆಟ್ಟಿತು ಎಂಬ ಕಲ್ಪನೆ ಬಲವಾಗಿದೆ. ಬಾರ್ಲಿಯ ಅಮೈಲೇಸ್ ಮತ್ತು ಮನುಷ್ಯರ ಇನ್ಸುಲಿನ್‌ನ ಸಿಗ್ನಲ್‌ಗಳನ್ನು ಪಕ್ಕಪಕ್ಕ ಇಟ್ಟರೆ ಹೊಂದುವ ಅಕ್ಷರಗಳು ಕಡಿಮೆ. ಹೊಂದುವುದು ಗುಣ: ಆರಂಭದಲ್ಲಿ ಧನ ಆವೇಶದ ಒಂದೆರಡು ಅಮೈನೋ ಆಮ್ಲ, ನಡುವೆ ನೀರಿಗೆ ಆಗದ ಲ್ಯೂಸಿನ್, ಅಲನಿನ್‌ನಂಥವುಗಳ ಸಾಲು, ಕೊನೆಗೆ ಕತ್ತರಿ ಹಾಕಲು ಅನುಕೂಲವಾದ ಚಿಕ್ಕ ಅಮೈನೋ ಆಮ್ಲಗಳು. 1987ರಲ್ಲಿ ಕ್ರಿಸ್ ಕೈಸರ್, ಡೇವಿಡ್ ಬಾಟ್‌ಸ್ಟೀನ್ ಮತ್ತಿತರರು ಯೀಸ್ಟಿನ ಇನ್ವರ್ಟೇಸ್ ಕಿಣ್ವದ ಸಿಗ್ನಲ್ ತೆಗೆದು ಅಲ್ಲಿ ಮನಸ್ಸಿಗೆ ಬಂದ ತುಂಡುಗಳನ್ನು ಜೋಡಿಸಿದರು. ಸುಮಾರು ಐದರಲ್ಲಿ ಒಂದು ತುಂಡು ಕೆಲಸ ಮಾಡಿತು! ಅಂಚೆ ಇಲಾಖೆಯಲ್ಲಿ ಹೀಗಾದರೆ ಯಾರೂ ಕಾಗದ ಬರೆಯುತ್ತಿರಲಿಲ್ಲ.

ಆದರೂ ಏನು ಬದಲಿಸಿದರೂ ನಡೆಯುತ್ತದೆ ಎಂದಲ್ಲ. ಇನ್ಸುಲಿನ್ ಮೊದಲು 110 ಅಮೈನೋ ಆಮ್ಲಗಳ ಸರಪಳಿ. ಅದರಲ್ಲಿ ಮೊದಲ 24 ಸಿಗ್ನಲ್. ಆ 24ನೆಯದು, ಅಂದರೆ ಸರಿಯಾಗಿ ಕತ್ತರಿ ಬೀಳುವ ಜಾಗದ ಅಲನಿನ್, ಆಸ್ಪಾರ್ಟಿಕ್ ಆಮ್ಲವಾಗಿ ಬದಲಾದ ಮಕ್ಕಳಿದ್ದಾರೆ. ಸರಪಳಿ ಇಆರ್ ಒಳಗೆ ಹೋಗುತ್ತದೆ, ಸಿಗ್ನಲ್ ಮಾತ್ರ ಸರಿಯಾಗಿ ಕತ್ತರಿಸುವುದಿಲ್ಲ. ಇನ್ಸುಲಿನ್ ಅಲ್ಲೇ ಸಿಕ್ಕಿಕೊಂಡು ಕೋಶವನ್ನೇ ಹಾಳುಮಾಡುತ್ತದೆ, ಹುಟ್ಟಿದ ಕೆಲವೇ ತಿಂಗಳಲ್ಲಿ ಮಧುಮೇಹ ಕಾಣಿಸಿಕೊಳ್ಳುತ್ತದೆ. ನಡುವಿನ ಸಾಲಿನಲ್ಲಿ ಲ್ಯೂಸಿನ್ ಬದಲು ಅಲನಿನ್ ಬಂದರೆ ಅನೇಕ ಸಲ ಏನೂ ಆಗದು. ಈ ಒಂದು ಜಾಗದಲ್ಲಿ ಎಡವಿದರೆ ಇಷ್ಟು.

ಸಿಗ್ನಲ್ ಪೆಪ್ಟೈಡ್ ಇದ್ದರೆ ಪ್ರೋಟೀನು ಕೋಶದಿಂದ ಹೊರಗೆ ಹೋಗುತ್ತದೆ ಎಂಬುದು ಕೊನೆಯ ತಪ್ಪು, ಗೈಡ್‌ಗಳಲ್ಲಿ ಸಲೀಸಾಗಿ ಸಿಗುವಂಥದ್ದು. ಬಾರ್ಲಿಯ ಅಲ್ಯೂರೋನ್ ಕೋಶದಲ್ಲಿ ಪ್ರೋಟೀನು ಕತ್ತರಿಸುವ ಎರಡು ಕಿಣ್ವಗಳಿವೆ: ಅಲ್ಯೂರೇನ್ ಮತ್ತು ಇಪಿ-ಬಿ. ಇಬ್ಬರೂ ದಾಯಾದಿಗಳು, ಇಬ್ಬರಿಗೂ ಸಿಗ್ನಲ್ ಇದೆ, ಇಬ್ಬರೂ ಇಆರ್ ಸೇರುತ್ತಾರೆ. ಆದರೆ ಅಲ್ಯೂರೇನ್ ಕೋಶದೊಳಗಿನ ರಸದಾನಿಗೆ ಹೋಗುತ್ತದೆ, ಇಪಿ-ಬಿ ಅಮೈಲೇಸ್ ಜೊತೆ ಹೊರಬೀಳುತ್ತದೆ. ವ್ಯತ್ಯಾಸ ಇರುವುದು ಸಿಗ್ನಲ್ ಆದ ಮೇಲಿನ ಒಂದು ಚಿಕ್ಕ ತುಂಡಿನಲ್ಲಿ. 1992ರಲ್ಲಿ ಸಂಶೋಧಕರು ಅಲ್ಯೂರೇನ್‌ನ ಆ ತುಂಡನ್ನು ಇಪಿ-ಬಿಗೆ ಕಸಿ ಮಾಡಿದಾಗ ಅದೂ ರಸದಾನಿಯ ದಾರಿ ಹಿಡಿಯಿತು. ಇದಕ್ಕಿಂತ ವಿಚಿತ್ರವೂ ಇದೆ: ಭತ್ತದ ಒಂದು ಆಲ್ಫಾ ಅಮೈಲೇಸ್ ಇಆರ್, ಗಾಲ್ಜಿ ಎಲ್ಲ ಹೊಕ್ಕು, ಕೊನೆಗೆ ಪ್ಲಾಸ್ಟಿಡ್ ಸೇರುವುದೂ ಉಂಟು.

ಆದ್ದರಿಂದ ಪರೀಕ್ಷೆಗೆ ಓದುವವರು ನೋಟ್ಸಿನಲ್ಲಿ ಒಂದು ಸಾಲನ್ನು ತಿದ್ದಿಕೊಳ್ಳಬೇಕು: ಸಿಗ್ನಲ್ ಪೆಪ್ಟೈಡ್ ಪ್ರೋಟೀನನ್ನು ಇಆರ್ ಬಾಗಿಲವರೆಗೆ ಒಯ್ಯುತ್ತದೆ, ಅಲ್ಲಿಂದ ಮುಂದೆ ಎಲ್ಲಿಗೆ ಎಂಬುದನ್ನು ಪ್ರೋಟೀನಿನ ಉಳಿದ ಭಾಗ ಹೇಳುತ್ತದೆ.