ಸೀನಿಯರ್‌ಗಳ ಕಾಲೆಳೆಯುವಾಗ ಯಾರ ಕಾಲೂ ಉಳುಕದಿರಲಿ

ಎಂಟನೇ ಸೆಮಿಸ್ಟರ್ ಮುಗಿಯುತ್ತ ಬಂದಾಗ ಆರನೇ ಸೆಮಿಸ್ಟರಿನವರ ವಾಟ್ಸಾಪ್ ಗುಂಪಿನಲ್ಲಿ ಫೇರ್‌ವೆಲ್ ಮಾತು ಶುರುವಾಗುತ್ತದೆ. ಊಟ, ಹಾಡು, ಡಾನ್ಸ್ ಎಲ್ಲ ಹಂಚಿಕೆಯಾದ ಮೇಲೆ ಯಾರೋ ಒಬ್ಬರು ‘ರೋಸ್ಟ್ ಇಟ್ಟುಕೊಳ್ಳೋಣ’ ಎನ್ನುತ್ತಾರೆ. ಎಲ್ಲರೂ ಒಪ್ಪುತ್ತಾರೆ, ಬರೆಯುವ ಕೆಲಸ ಮಾತ್ರ ಇಬ್ಬರ ತಲೆಗೆ ಬರುತ್ತದೆ. ಹೆಸರು ಹೊಸದಾದರೂ ಈ ಕೆಲಸ ನಮಗೆ ಹೊಸದಲ್ಲ. ಮದುವೆ ಮನೆಯಲ್ಲಿ ಹೆಂಗಸರು ಬೀಗರ ಹಾಡು ಹೇಳಿ ಬೀಗರ ಹೊಟ್ಟೆಬಾಕತನವನ್ನೂ ಬೀಗಿತ್ತಿಯ ಬಿಂಕವನ್ನೂ ಎದುರಿಗೇ ಆಡಿಕೊಳ್ಳುತ್ತಿದ್ದರು. ಅವರು ಕೂತು ಕೇಳುತ್ತಿದ್ದರು. ಆದರೆ ಆ ಹಾಡು ಎಲ್ಲ ಬೀಗರಿಗೂ ಒಪ್ಪುತ್ತಿತ್ತು. ಕಾಲೇಜಿನ ರೋಸ್ಟ್ ಹಾಗಲ್ಲ, ಅದು ಒಂದೇ ಒಂದು ಬ್ಯಾಚಿನ ಸ್ವತ್ತು.

60 ಜನರ ಬ್ಯಾಚ್ ಎಂದುಕೊಳ್ಳಿ. ಹದಿನೈದು ನಿಮಿಷ ಸಿಗುತ್ತದೆ. ಮೊದಲ ಕರಡು ಬರೆದವರು ಅದರಲ್ಲಿ ಬಂದ ಹೆಸರುಗಳನ್ನು ಎಣಿಸಿ ನೋಡಬೇಕು. ಬಹುಪಾಲು ಸಲ ಎಂಟು ಹತ್ತು ಹೆಸರುಗಳೇ ತಿರುಗಾ ಮುರುಗಾ ಬಂದಿರುತ್ತವೆ: ಕ್ಲಾಸ್ ರೆಪ್ರೆಸೆಂಟೇಟಿವ್, ಫೆಸ್ಟ್ ನಡೆಸಿದವರು, ಕ್ರಿಕೆಟ್ ತಂಡದವರು. ಉಳಿದ ಐವತ್ತು ಜನ ಬೇರೆಯವರ ಮನೆಯ ಮದುವೆಗೆ ಬಂದವರಂತೆ ಚಪ್ಪಾಳೆ ತಟ್ಟುತ್ತಾರೆ. ಎಲ್ಲರನ್ನೂ ಒಳಗೊಳ್ಳುವ ಹಾಸ್ಯವೆಂದರೆ ಯಾರನ್ನೂ ನೋಯಿಸದ ಹಾಸ್ಯ ಎಂದಷ್ಟೇ ನಾವು ಅಂದುಕೊಳ್ಳುತ್ತೇವೆ. ನಾಲ್ಕು ವರ್ಷ ಕಳೆದರೂ ನನ್ನ ಬಗ್ಗೆ ಹೇಳಲು ಒಂದು ಸಾಲೂ ಸಿಗಲಿಲ್ಲವಲ್ಲ ಅನ್ನಿಸುವುದೂ ನೋವೇ.

ಹಾಗಾಗಿ ಸರಕು ಹುಡುಕುವಾಗ ಜನಪ್ರಿಯ ಸೀನಿಯರ್‌ಗಳ ಹತ್ತಿರ ಹೋದರೆ ಸಾಲದು. ಮಾತು ಕಡಿಮೆಯವರ ಬಗ್ಗೆ ಅವರ ಲ್ಯಾಬ್ ಪಾರ್ಟ್‌ನರ್, ಒಂದೇ ಬಸ್ಸಿನಲ್ಲಿ ಬರುವವರು, ಹಾಸ್ಟೆಲ್ ರೂಮ್‌ಮೇಟ್ ಇವರನ್ನು ಕೇಳಬೇಕು. ‘ಒಳ್ಳೆಯವರು’ ಎಂದರೆ ಬಿಡಬಾರದು, ‘ಏನು ಮಾಡ್ತಾರೆ’ ಎಂದು ಕೇಳಬೇಕು. ಇಡೀ ಕ್ಲಾಸಿಗೆ ಕ್ಯಾಲ್ಕುಲೇಟರ್ ಕೊಟ್ಟು ಒಂದೂ ವಾಪಸ್ ಪಡೆಯದವರು, ಪ್ರತಿ ಸೆಮಿನಾರಿನಲ್ಲೂ ‘ಥ್ಯಾಂಕ್ ಯೂ’ ಸ್ಲೈಡ್ ಮಾತ್ರ ತಯಾರಿಸಿದವರು ಸಿಗುವುದು ಹೀಗೆಯೇ. ಒಬ್ಬ ಮನುಷ್ಯ ಮಾಡಿದ್ದು, ಕ್ಲಾಸಿನವರೆಲ್ಲ ಕಂಡಿದ್ದು, ಇವೆರಡೂ ಕೂಡಿದ ಕಡೆ ನಗು ಹುಟ್ಟುತ್ತದೆ. ಬಣ್ಣ, ಮೈಕಟ್ಟು, ಜಾತಿ, ತೊದಲು, ಯಾವ ಕೋಟಾದಲ್ಲಿ ಸೀಟು ಸಿಕ್ಕಿತು ಎಂಬುದು, ಇವು ಯಾರೂ ‘ಮಾಡಿದ್ದಲ್ಲ’. ಇವನ್ನು ಚರ್ಚೆಗೂ ತರಬೇಕಿಲ್ಲ.

ಕಷ್ಟವಾಗುವುದು ಅಂಚಿನಲ್ಲಿರುವ ಜೋಕುಗಳಲ್ಲಿ. ಮೈಸೂರು ಕಡೆಯ ಒಂದು ಎಂಜಿನಿಯರಿಂಗ್ ಕಾಲೇಜು ಎನ್ನೋಣ. ಬ್ಯಾಚಿನಲ್ಲಿ ವಿಜಯಪುರದ ಅಣ್ಣ ಒಬ್ಬರಿದ್ದಾರೆ. ಜೂನಿಯರ್‌ಗಳ ಮೊದಲ ಕರಡಿನಲ್ಲಿ ಅವರ ಮಾತಿನ ಧಾಟಿಯ ಮಿಮಿಕ್ರಿ ಇರುತ್ತದೆ. ಮಿಮಿಕ್ರಿ ಚೆನ್ನಾಗಿದ್ದರೆ ಸಭೆ ನಗುವುದೂ ಹೌದು. ಆದರೆ ಯಾರು ನಗುತ್ತಾರೆ? ಮೈಸೂರಿನವರು. ಯಾವುದಕ್ಕೆ? ಅವರ ಊರಿನಲ್ಲಿ ಎಲ್ಲರೂ ಆಡುವ ಮಾತಿಗೆ. ಆ ಅಣ್ಣ ಏನೂ ಮಾಡಿಲ್ಲ, ಬಾಯಿ ತೆರೆದಿದ್ದಾರೆ ಅಷ್ಟೆ.

ಎರಡನೇ ಕರಡಿನಲ್ಲಿ ಭಯಬಿದ್ದು ಅವರನ್ನು ಹೊಗಳುತ್ತಾರೆ: ‘ಉತ್ತರ ಕರ್ನಾಟಕದ ಹುಲಿ’. ಇದರಲ್ಲಿ ನೋವೂ ಇಲ್ಲ, ನಗುವೂ ಇಲ್ಲ, ಮನುಷ್ಯನೂ ಇಲ್ಲ. ಅದೇ ಸರಕನ್ನು ತಿರುಗಿಸಿ ನೋಡಿದರೆ ಮೂರನೇ ಕರಡು ಸಿಗುತ್ತದೆ. ‘ಫಸ್ಟ್ ಸೆಮ್‌ನಲ್ಲಿ ಅಣ್ಣನ ಮಾತು ಯಾರಿಗೂ ಅರ್ಥ ಆಗ್ತಿರಲಿಲ್ಲ. ಈಗ ಪ್ರಾಜೆಕ್ಟ್ ವೈವಾದಲ್ಲಿ ಎಕ್ಸ್‌ಟರ್ನಲ್ ಪ್ರಶ್ನೆ ಕೇಳಿದ್ರೆ ಜಯನಗರದಿಂದ ಬಂದವರೂ “ಗೊತ್ತಿಲ್ರೀ ಸರ” ಅಂತಾರೆ. ನಾಲ್ಕು ವರ್ಷದಲ್ಲಿ ಈ ಬ್ಯಾಚಿಗೆ ಏನಾದ್ರೂ ಕಲಿಸಿದ್ದು ಅಂದ್ರೆ ಅಣ್ಣ ಒಬ್ಬರೇ.’ ಈಗ ಏಟು ಬಿದ್ದದ್ದು ವೈವಾದಲ್ಲಿ ತಡಬಡಿಸಿದ ಇಡೀ ಬ್ಯಾಚಿಗೆ. ಅಣ್ಣ ಜೋಕಿನ ನಾಯಕ.

ಬ್ಯಾಕ್ ಉಳಿಸಿಕೊಂಡವರ ವಿಷಯವೂ ಹೀಗೆಯೇ ಅಂಚಿನದು. ವಿಟಿಯು ಕಾಲೇಜುಗಳಲ್ಲಿ ಶೇ. 85 ಹಾಜರಾತಿ ಬೇಕು. ಆ ಗಡಿಯ ಮೇಲೆ ಬ್ಯಾಚಿನವರೆಲ್ಲ ಹೇಗೆ ಹಗ್ಗದ ಮೇಲೆ ನಡೆದರು ಎಂಬುದು ಎಲ್ಲರಿಗೂ ಸೇರಿದ ಜೋಕು. ಆದರೆ ಹೆಸರು ಹಿಡಿದು ಬ್ಯಾಕ್ ಎಣಿಸಬೇಡಿ. ಆ ಸಂಜೆ ಸೂಟು ಹಾಕಿ ಕೂತವರಲ್ಲಿ ಈ ವರ್ಷ ಡಿಗ್ರಿ ಕೈಗೆ ಬರದವರೂ ಇರುತ್ತಾರೆ, ಅದು ಮನೆಯವರಿಗೆ ಗೊತ್ತಿರದೆಯೂ ಇರಬಹುದು. ಯಾರ ಹೆಸರಿಗೆ ಯಾರನ್ನು ಜೋಡಿಸಿ ಗುಸುಗುಸು ಇದೆಯೋ ಅದಕ್ಕೂ ಇದೇ ಮಾತು.

ಇನ್ನೊಂದು ತಪಾಸಣೆ ಐದು ನಿಮಿಷದ್ದು, ಬಹಳ ಜನ ಮಾಡುವುದಿಲ್ಲ. ಅಣ್ಣಂದಿರ ಜೋಕುಗಳನ್ನು ಒಂದು ಕಡೆ, ಅಕ್ಕಂದಿರ ಜೋಕುಗಳನ್ನು ಇನ್ನೊಂದು ಕಡೆ ಬರೆದು ನೋಡಿ. ಒಂದು ಪಟ್ಟಿಯಲ್ಲಿ ಬಂಕ್, ಕೋಡಿಂಗ್, ಕ್ಯಾಂಟೀನ್ ಸಾಲ ಇದ್ದು, ಇನ್ನೊಂದರಲ್ಲಿ ಮೇಕಪ್, ಸೆಲ್ಫಿ, ಮದುವೆ ಇದ್ದರೆ ಅಕ್ಕಂದಿರ ಬಗ್ಗೆ ಯಾರನ್ನೂ ವಿಚಾರಿಸಿಯೇ ಇಲ್ಲ ಎಂದರ್ಥ.

ಸಭೆಯಲ್ಲಿ ಪ್ರತಿ ಕೈಯಲ್ಲೂ ಫೋನಿರುವುದನ್ನು ಬರೆಯುವಾಗಲೇ ನೆನಪಿಡಬೇಕು. 2014ರ ಡಿಸೆಂಬರಿನಲ್ಲಿ ಮುಂಬೈಯಲ್ಲಿ ನಡೆದ ಎಐಬಿ ನಾಕೌಟ್ ರೋಸ್ಟಿಗೆ ಗುರಿಯಾದ ನಟರಿಬ್ಬರೂ ಒಪ್ಪಿಯೇ ವೇದಿಕೆಯಲ್ಲಿ ಕೂತಿದ್ದರು, ಎದುರಿಗಿದ್ದವರು ಟಿಕೆಟ್ ಕೊಂಡು ಬಂದಿದ್ದರು. ಗಲಾಟೆ, ಪೊಲೀಸ್ ದೂರು ಎಲ್ಲ ಎದ್ದದ್ದು ಮುಂದಿನ ತಿಂಗಳು ವಿಡಿಯೊ ಯೂಟ್ಯೂಬಿಗೆ ಬಂದ ಮೇಲೆ. ಕೆಲವೇ ದಿನಗಳಲ್ಲಿ ಅದನ್ನು ತೆಗೆಯಬೇಕಾಯಿತು. ನಿಮ್ಮ ಸಭೆಯದೂ ಇಪ್ಪತ್ತು ಸೆಕೆಂಡಿನ ತುಣುಕಾಗಿ ಸ್ಟೇಟಸ್ಸಿಗೆ ಹೋಗುತ್ತದೆ. ಹಿಂದುಮುಂದಿಲ್ಲದೆ ಅದೊಂದೇ ಸಾಲು ಕೇಳಿದ ಚಿಕ್ಕಪ್ಪ ಏನೆಂದುಕೊಳ್ಳುತ್ತಾರೆ ಎಂದು ಯೋಚಿಸಿ.

ಹೆಸರು ಬರುವವರಿಗೆ ವಾರ ಮೊದಲೇ ವಿಷಯ ಹೇಳಿ, ಜೋಕು ಹೇಳಬೇಡಿ. ‘ಅಕ್ಕ, ನೀವು ಲ್ಯಾಬಿನಲ್ಲಿ ಫ್ಯೂಸ್ ಹಾರಿಸಿದ್ದನ್ನ ಹೇಳ್ತೀವಿ’ ಅಂದರೆ ಸಾಕು. ‘ಅದನ್ನ ಯಾರೋ ಹೇಳಿದ್ದು!’ ಎಂದು ನಕ್ಕು ಇನ್ನೆರಡು ಕತೆ ಸೇರಿಸಿದರೆ ಬರೆಯಿರಿ. ಸ್ವಲ್ಪ ತಡೆದು ‘ಪರವಾಗಿಲ್ಲ ಬಿಡ್ರೋ’ ಎಂದರೆ ಬೇಡ ಎಂದೇ ಅರ್ಥ. ಬೇರೆ ಕತೆ ಹುಡುಕಿ.

ವೇದಿಕೆಯಲ್ಲಿ ಮೊದಲ ಏಟು ಜೂನಿಯರ್‌ಗಳ ಮೇಲೆಯೇ ಬೀಳಬೇಕು. ‘ನಿಮ್ಮ ಲ್ಯಾಬ್ ರೆಕಾರ್ಡ್ ನೋಡಿ ಎಷ್ಟು ನಿಷ್ಠೆಯಿಂದ ಬರೆದೆವು ಅಂದ್ರೆ, ನಿಮ್ಮ ಯುಎಸ್‌ಎನ್ ಕೂಡ ಬಿಡಲಿಲ್ಲ’ ಎಂದಾಗ ಸೀನಿಯರ್‌ಗಳಿಗೆ ಧೈರ್ಯ ಬರುತ್ತದೆ. ಆಮೇಲೆ ಜೋಕು ಬಿದ್ದಾಗ ಗುರಿಯಾದವರ ಮುಖ ನೋಡಿ ಉಪಯೋಗವಿಲ್ಲ. ಅಷ್ಟು ಜನರೆದುರು ಅವರು ನಕ್ಕೇ ನಗುತ್ತಾರೆ. ಅವರ ಪಕ್ಕ ಕೂತವರನ್ನು ನೋಡಿ. ಗೆಳೆಯರು ಅವರ ಬೆನ್ನಿಗೆ ಗುದ್ದಿ ನಗುತ್ತಿದ್ದರೆ ಸರಿ. ಅವರು ಥಟ್ಟನೆ ನಗು ನಿಲ್ಲಿಸಿ ಇವರತ್ತ ತಿರುಗಿದರೆ ಅದೇ ಹೆಸರಿನ ಮುಂದಿನ ಸಾಲು ಬಿಟ್ಟುಬಿಡಿ. ‘ತಮಾಷೆಗೆ ಹೇಳಿದ್ವಿ’ ಎಂಬ ವಿವರಣೆಯೂ ಬೇಡ. ಅಂಥ ಹೊತ್ತಿಗೆಂದೇ ಇಡೀ ಬ್ಯಾಚಿನ ಮೇಲಿನ ಎರಡು ಜೋಕುಗಳನ್ನು ಹಾಳೆಯ ಅಂಚಿನಲ್ಲಿ ಬರೆದಿಟ್ಟುಕೊಂಡಿರಬೇಕು.

60 ಹೆಸರು ಹಿಡಿಸುವುದು ಹೇಗೆ ಎಂಬ ಪ್ರಶ್ನೆ ಉಳಿಯಿತು. ಕೊನೆಗೆ ಅಟೆಂಡೆನ್ಸ್ ಕರೆಯಿರಿ. ರಿಜಿಸ್ಟರ್ ಹಿಡಿದು, ಯುಎಸ್‌ಎನ್ ಪ್ರಕಾರ, ಪ್ರತಿ ಹೆಸರಿಗೂ ನಾಲ್ಕೈದು ಪದದ ಒಂದು ಬಿರುದು. ಹೆಸರಿಗೆ ಐದು ಸೆಕೆಂಡಿನಂತೆ ಐದು ನಿಮಿಷದಲ್ಲಿ ಮುಗಿಯುತ್ತದೆ, ಯಾರೂ ಬಿಟ್ಟುಹೋಗುವುದಿಲ್ಲ. ಕೆಲಸ ಸಿಕ್ಕಿ ಆಗಲೇ ಊರು ಬಿಟ್ಟವರ ಹೆಸರನ್ನೂ ಕರೆಯಿರಿ. ಅವರ ಪರವಾಗಿ ಪ್ರಾಕ್ಸಿ ಕೂಗಿ ಎಂದು ಯಾರಿಗೂ ಹೇಳಿಕೊಡಬೇಕಿಲ್ಲ, ಆ ಬ್ಯಾಚಿಗೆ ನಾಲ್ಕು ವರ್ಷದ ಅಭ್ಯಾಸವಿದೆ.