ಮುಂಜಾನೆಯ ಆ ರಾಗ ಯಾರದು?

ನಾನು ಜಮಖಂಡಿಯಲ್ಲಿ ಶಾಲೆಗೆ ಹೋಗುತ್ತಿದ್ದಾಗ ನಮ್ಮ ಓಣಿಗೆಲ್ಲ ಇದ್ದದ್ದು ಒಂದೇ ರೇಡಿಯೋ. ಮುಂಜಾನೆ ಧಾರವಾಡ ಆಕಾಶವಾಣಿ ಶುರುವಾಗುವ ಮುನ್ನ ಅದರಿಂದ ಒಂದು ರಾಗ ಹೊರಡುತ್ತಿತ್ತು. ಮಾತಿಲ್ಲ, ತಬಲಾ ಇಲ್ಲ. ಅದೇ ರಾಗ ಮತ್ತೆ ಮತ್ತೆ ಬಂದು, ಆಮೇಲೆ ವಂದೇ ಮಾತರಂ. ಅವ್ವ ಒಲೆ ಹೊತ್ತಿಸುವುದು, ನಾನು ಹಾಸಿಗೆ ಮಡಚುವುದು ಆ ರಾಗದ ಜೊತೆಗೇ. ನಮಗೆ ಗಡಿಯಾರ ಬೇಕಿರಲಿಲ್ಲ.

ಹೋದ ತಿಂಗಳು ಮೊಮ್ಮಗಳು ಶಾಲೆಯಿಂದ ಒಂದು ಕೆಲಸ ತಂದಳು. ಮನೆಯ ಹಿರಿಯರು ಸಣ್ಣವರಿದ್ದಾಗ ಕೇಳಿದ ಒಂದು ಧ್ವನಿಯ ಬಗ್ಗೆ ಒಂದು ಪುಟ ಬರೆಯಬೇಕಂತೆ. ನಾನು ಆ ರಾಗ ಗುನುಗಿದೆ.

"ಅಜ್ಜಾ, ಇದನ್ನ ಯಾರು ಮಾಡ್ಯಾರ?" ಎಂದಳು.

"ಪಂಡಿತ ರವಿಶಂಕರ" ಎಂದೆ, ಎದೆಯುಬ್ಬಿಸಿ. ಆಕೆ ಬರೆದುಕೊಂಡು ಹೋದಳು.

ಮುಧೋಳದಲ್ಲಿರುವ ನನ್ನ ಅಕ್ಕನಿಗೆ ಫೋನಿನಲ್ಲಿ ಇದನ್ನು ಹೇಳಿದೆ. ಆಕೆ ನಕ್ಕು, "ಅದು ಟಿ.ವಿ.ದ್ದಲ್ಲೇನೋ ತಮ್ಮಾ? ಟಿ.ವಿ. ಬಂದದ್ದು ನಿನ್ನ ಮದುವಿ ಆದ ಮ್ಯಾಲೆ" ಎಂದಳು. ನನಗೆ ಧಸಕ್ಕೆಂದಿತು. ಬ್ಯಾಂಕಿನಲ್ಲಿ ಲೆಡ್ಜರ್ ತಾಳೆಯಾಗದಿದ್ದರೆ ನಾವು ಮನೆಗೆ ಹೋಗುತ್ತಿರಲಿಲ್ಲ. ಈಗ ಮೊಮ್ಮಗಳ ಪುಟದಲ್ಲೇ ತಪ್ಪು ಜಮಾ ಮಾಡಿಸಿದ್ದೆ!

ಎರಡು ರಾಗಗಳನ್ನು ಬೇರೆ ಮಾಡಲು ಕೂತೆ. ಒಂದು ಹಾಳೆಯಲ್ಲಿ ಗೆರೆ ಎಳೆದು ಮೂರು ಪ್ರಶ್ನೆ ಬರೆದೆ: ಕೇಳಿದ್ದು ಯಾವಾಗ, ಯಾವ ವಾದ್ಯ, ಅದಾದ ಮೇಲೆ ಏನು ಬರುತ್ತಿತ್ತು?

ದೂರದರ್ಶನವು ಆಕಾಶವಾಣಿಯಿಂದ ಬೇರೆಯಾದದ್ದು 1976ರ ಏಪ್ರಿಲ್ 1ರಂದು. ಪರದೆಯ ಮೇಲೆ ಗೆರೆಗಳು ತಿರುಗುತ್ತ ಕಣ್ಣಿನಾಕಾರ ಆಗುವಾಗ ಕೇಳುತ್ತಿದ್ದದ್ದು ಶಹನಾಯಿ. ರವಿಶಂಕರರ ಹೆಸರು ಸೇರುವುದು ಅದಕ್ಕೆ. ಅವರ ಜೊತೆ ಉಸ್ತಾದ್ ಅಲಿ ಅಹ್ಮದ್ ಹುಸೇನ್ ಖಾನ್ ಅವರ ಹೆಸರೂ ಇದೆ. ನಾನು ಹುಡುಗನಾಗಿ ಕೇಳಿದ್ದರಲ್ಲಿ ಶಹನಾಯಿ ಇರಲಿಲ್ಲ. ತಂಬೂರಿಯ ಶ್ರುತಿಯ ಮೇಲೆ ಪಿಟೀಲು ಇತ್ತು, ಕೊನೆಗೆ ವಂದೇ ಮಾತರಂ ಬರುತ್ತಿತ್ತು. ಅಂದರೆ ಅದು ರೇಡಿಯೋದ್ದೇ. ಅಕ್ಕನ ಮಾತು ಸರಿ.

ಇನ್ನು ನನ್ನ ಗುನುಗು ನಂಬುವಂಥದ್ದೇ ಎಂಬುದು ಉಳಿಯಿತು. ಬನಹಟ್ಟಿಯಲ್ಲಿ ನನ್ನ ಗೆಳೆಯನೊಬ್ಬ ಭಜನೆಗೆ ಹಾರ್ಮೋನಿಯಂ ನುಡಿಸುತ್ತಾನೆ. ಮೊಮ್ಮಗಳನ್ನು ಕರೆದುಕೊಂಡು ಹೋದೆ. ಮಗ್ಗದ ಸದ್ದು ನಿಂತ ಮೇಲೆ ಆತ ಬಿಳಿ ಒಂದನ್ನು ಸಾ ಮಾಡಿಕೊಂಡು, ನಾನು ಗುನುಗಿದ್ದನ್ನು ಮನೆ ಮನೆ ಹುಡುಕಿದ. ಸಾ, ರಿ, ಪ, ಧ ನಾಲ್ಕೂ ಬಿಳಿ ಮನೆಗಳಲ್ಲೇ ಸಿಕ್ಕವು. 'ಗ' ಮಾತ್ರ ಸಿಗಲಿಲ್ಲ. ಬಿಳಿ ಮೂರು ಒತ್ತಿದಾಗ ಸ್ವರ ನಗುನಗುತ್ತ ಬಂತು. ಅದು ಭೂಪ ರಾಗ, ನಮ್ಮದಲ್ಲ. ಪಕ್ಕದ ಕಪ್ಪು ಎರಡು ಒತ್ತಿದ. ಕೂಡಲೇ ಆ ಮುಂಜಾನೆಯ ಸಣ್ಣ ಅಳಲು ಹೊರಬಂತು.

"ಇದು ಶಿವರಂಜನಿ. ಮ ಇಲ್ಲ, ನಿ ಇಲ್ಲ, ಗ ಕೋಮಲ" ಎಂದ ಗೆಳೆಯ. ಆಕಾಶವಾಣಿಯ ರಾಗ ಶಿವರಂಜನಿಯದೇ ಎಂದು ನಾನು ಮೊದಲೇ ಓದಿದ್ದೆ. ಲೆಕ್ಕ ತಾಳೆಯಾಯಿತು. ಮಕ್ಕಳೇ, ಮನೆಯಲ್ಲಿ ಹಾರ್ಮೋನಿಯಂ ಇದ್ದರೆ ನೀವೂ ಒತ್ತಿ ನೋಡಿ. ಒಂದು ಮನೆ ಪಕ್ಕಕ್ಕೆ ಸರಿದರೆ ರಾಗದ ಮುಖವೇ ಬದಲಾಗುತ್ತದೆ.

ಹಾಗಾದರೆ ಮಾಡಿದವರು ಯಾರು? ವಾಲ್ಟರ್ ಕೌಫ್‌ಮನ್. ಹುಟ್ಟಿದ್ದು 1907ರಲ್ಲಿ, ಇಂದಿನ ಚೆಕ್ ದೇಶದಲ್ಲಿ. ಯಹೂದಿ. ಹಿಟ್ಲರ್ ಅಧಿಕಾರಕ್ಕೆ ಬಂದ ಮೇಲೆ, 1934ರಲ್ಲಿ ಮುಂಬೈಗೆ ಬಂದರು. ನಮ್ಮ ಸಂಗೀತ ಮೊದಮೊದಲು ಅವರಿಗೆ ತಿಳಿಯಲೇ ಇಲ್ಲ. ಇಷ್ಟು ಜನ ಪ್ರೀತಿಸುವ ಸಂಗೀತ ಸುಮ್ಮನೆ ಇರಲಾರದು ಎಂದು ಪಟ್ಟು ಹಿಡಿದು ಕೇಳಿದರು, ಕಲಿತರು. ಮುಂಬೈ ರೇಡಿಯೋದಲ್ಲಿ ಪಾಶ್ಚಾತ್ಯ ಸಂಗೀತದ ವಿಭಾಗ ನೋಡಿಕೊಂಡರು. ಅವರು ಕಟ್ಟಿದ ರಾಗಕ್ಕೆ ಪಿಟೀಲು ನುಡಿಸಿದವರು ಮೆಹ್ಲಿ ಮೆಹ್ತಾ ಎನ್ನುತ್ತಾರೆ. ಹೆಸರಾಂತ ಸಂಗೀತ ನಿರ್ದೇಶಕ ಜುಬಿನ್ ಮೆಹ್ತಾ ಅವರ ತಂದೆ. ಕೌಫ್‌ಮನ್ 1946ರಲ್ಲಿ ಭಾರತ ಬಿಟ್ಟರು. ಕೊನೆಗೆ ಅಮೆರಿಕದಲ್ಲಿ ಪ್ರಾಧ್ಯಾಪಕರಾಗಿ ನಮ್ಮ ರಾಗಗಳ ಮೇಲೆ ದಪ್ಪ ಪುಸ್ತಕಗಳನ್ನು ಬರೆದು, 1984ರಲ್ಲಿ ತೀರಿಕೊಂಡರು. ಧಾರವಾಡ ನಿಲಯ ಆರಂಭವಾದದ್ದು 1950ರಲ್ಲಿ. ನಮ್ಮ ಓಣಿಗೆ ಅವರ ರಾಗ ತಲುಪುವ ಹೊತ್ತಿಗೆ ಅವರು ಈ ದೇಶದಲ್ಲೇ ಇರಲಿಲ್ಲ.

ಮೊಮ್ಮಗಳು ಪುಟದಲ್ಲಿ ರವಿಶಂಕರರ ಹೆಸರಿಗೆ ಗೆರೆ ಹೊಡೆದು, ಕೆಳಗೆ ಹೊಸ ಹೆಸರು ಬರೆದಳು. ಹಳೆಯದನ್ನು ಅಳಿಸಬೇಡ, ಓದುವಂತಿರಲಿ ಎಂದೆ. ಲೆಡ್ಜರಿನಲ್ಲೂ ನಾವು ಹಾಗೇ ಮಾಡುತ್ತಿದ್ದೆವು. ಗೆರೆ ಹೊಡೆದು ಪಕ್ಕದಲ್ಲಿ ಸಹಿ. ಆಕೆ ಪೆನ್ನು ನನ್ನ ಕೈಗೆ ಕೊಟ್ಟಳು.

ಆ ರಾತ್ರಿ ಅಕ್ಕನಿಗೆ ಫೋನು ಹಚ್ಚಿ ಗುನುಗಿದೆ. ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಅವ್ವ ಒಲಿ ಮುಂದ ಕೂತಂಗಾತು ನೋಡೋ" ಎಂದಳು.