ಮುಖ ಅವಳದೇ, ಹೆಲ್ಮೆಟ್ ಆಮೇಲೆ ಬಂದದ್ದು

ಎಂಟನೇ ತರಗತಿಯ ಮಕ್ಕಳಿಗೆ ಸರ್ಕಾರ ಸೈಕಲ್ ಕೊಡುವ ಯೋಜನೆ 2006-07ರಲ್ಲಿ ಶುರುವಾದ ಮೇಲೆ ನಮ್ಮ ಹಳ್ಳಿ ರಸ್ತೆಗಳಲ್ಲಿ ಒಂದು ನೋಟ ಮಾಮೂಲಾಯಿತು. ಎರಡು ಜಡೆ ಮಡಚಿ ರಿಬ್ಬನ್ ಕಟ್ಟಿದ ಹುಡುಗಿ, ಸಮವಸ್ತ್ರದ ಚೂಡಿದಾರ್, ಹ್ಯಾಂಡಲ್ ಹಿಡಿದ ಬರಿಗೈ, ಬೆಳಗಿನ ಬಿಸಿಲು. ಊರಿನ ಮಟ್ಟದಲ್ಲಿ ರಸ್ತೆ ಸುರಕ್ಷತೆಯ ಪೋಸ್ಟರ್ ಮಾಡಬೇಕೆಂದರೆ ಇದಕ್ಕಿಂತ ಒಳ್ಳೆಯ ಫೋಟೊ ಸಿಗುವುದು ಕಷ್ಟ. ಕೊರತೆ ಇರುವುದು ಒಂದೇ. ಹುಡುಗಿಯ ತಲೆಯ ಮೇಲೆ ಹೆಲ್ಮೆಟ್ ಇಲ್ಲ, ಕೈಗೆ ಗ್ಲೌಸ್ ಇಲ್ಲ, ಮೈಮೇಲೆ ಹೊಳೆಯುವ ಜಾಕೆಟ್ ಇಲ್ಲ. ಇವು ಮೂರನ್ನೂ ಕಂಪ್ಯೂಟರಿನಲ್ಲಿ ಹಾಕಿ, ಮುಖವನ್ನು ಮಾತ್ರ ಮುಟ್ಟಬೇಡಿ ಎಂದು ಡಿಸೈನರ್‌ಗೆ ಹೇಳುತ್ತಾರೆ.

ಹೆಲ್ಮೆಟ್ ತಂದು ಹುಡುಗಿಗೆ ತೊಡಿಸಿ ಮತ್ತೊಮ್ಮೆ ಫೋಟೊ ತೆಗೆಯುವುದು ಸಾಧ್ಯವಿದ್ದರೆ ಅದನ್ನೇ ಮಾಡಿ. ಅರ್ಧ ಗಂಟೆಯ ಕೆಲಸಕ್ಕೆ ಎರಡು ದಿನ ಕಂಪ್ಯೂಟರ್ ಮುಂದೆ ಕೂರಬೇಕಾಗಿಲ್ಲ. ಅವಳು ಬೇರೆ ಊರಿಗೆ ಹೋಗಿದ್ದರೆ, ಅಥವಾ ಆ ಕ್ಷಣದ ನಗು ಮತ್ತೆ ಬರುವುದಿಲ್ಲ ಎನಿಸಿದರೆ ಮಾತ್ರ ಮುಂದಿನ ಮಾತು.

ಮುಖ ಮುಟ್ಟಬಾರದು ಎನ್ನುವುದಕ್ಕೆ ಚಂದದ ಪ್ರಶ್ನೆಗಿಂತ ಗಟ್ಟಿಯಾದ ಕಾರಣವಿದೆ. ಅವಳ ತಂದೆತಾಯಿ ಒಪ್ಪಿಗೆ ಕೊಟ್ಟಿದ್ದು ಅವಳ ಮುಖಕ್ಕೆ, ಅವಳನ್ನು ಹೋಲುವ ಇನ್ನೊಂದು ಮುಖಕ್ಕಲ್ಲ. ಊರಿನಲ್ಲಿ ಪೋಸ್ಟರ್ ಕೆಲಸ ಮಾಡುವುದೂ ‘ಅರೆ, ಇವಳು ನಮ್ಮ ಬೀದಿಯವಳು’ ಎಂಬ ಗುರುತಿನಿಂದಲೇ. ಕಣ್ಣಿನ ತುದಿ ಕೂದಲೆಳೆಯಷ್ಟು ಸರಿದರೂ ಅಪರಿಚಿತರಿಗೆ ಗೊತ್ತಾಗುವುದಿಲ್ಲ, ಅವಳ ಅಮ್ಮನಿಗೆ ಗೊತ್ತಾಗುತ್ತದೆ.

ಈಗ ಹಲವರು ಹಿಡಿಯುವ ಹತ್ತಿರದ ದಾರಿ ಎಂದರೆ ಎಐ ತಂತ್ರಾಂಶಕ್ಕೆ ಫೋಟೊ ಕೊಟ್ಟು ‘ಹೆಲ್ಮೆಟ್ ಹಾಕು’ ಎಂದು ಬರೆಯುವುದು. ಅರೆನಿಮಿಷದಲ್ಲಿ ಹೆಲ್ಮೆಟ್ ಬರುತ್ತದೆ, ನೋಡಲೂ ಚೆನ್ನಾಗಿರುತ್ತದೆ. ಮುಖ ಮಾತ್ರ ಸ್ವಲ್ಪ ಬೇರೆಯಾಗಿರುತ್ತದೆ. ಇದಕ್ಕೆ ಕಾರಣ ಆ ತಂತ್ರದ ಒಳಗೇ ಇದೆ. ಇಂಥ ತಂತ್ರಾಂಶಗಳಲ್ಲಿ ಬಹಳಷ್ಟು ನಿಮ್ಮ ಫೋಟೊದ ಮೇಲೆ ಹೆಲ್ಮೆಟ್ ಅಂಟಿಸುವುದಿಲ್ಲ, ಇಡೀ ಚಿತ್ರವನ್ನು ಹೊಸದಾಗಿ ಬರೆಯುತ್ತವೆ. ಸ್ಟೇಬಲ್ ಡಿಫ್ಯೂಷನ್ ಎಂಬ ಹೆಸರಾಂತ ಮಾದರಿಯನ್ನೇ ನೋಡಿ. ಅದು ಮೊದಲು ಚಿತ್ರವನ್ನು ಉದ್ದಕ್ಕೂ ಅಗಲಕ್ಕೂ ಎಂಟನೇ ಒಂದು ಭಾಗಕ್ಕೆ ಕುಗ್ಗಿಸಿ, ಆ ಸಾರಾಂಶದ ಮೇಲೆ ಕೆಲಸ ಮಾಡಿ, ಮತ್ತೆ ಹಿಗ್ಗಿಸುತ್ತದೆ. ತಲೆಯ ಭಾಗವನ್ನಷ್ಟೇ ಗುರುತು ಮಾಡಿ ಕೊಟ್ಟರೂ ಉಳಿದ ಚಿತ್ರ ಈ ಕುಗ್ಗಿ ಹಿಗ್ಗುವ ದಾರಿಯಲ್ಲೇ ಹಾದು ಬರುತ್ತದೆ. ರೆಪ್ಪೆ, ಹಲ್ಲಿನ ಸಂದು, ಕೆನ್ನೆಯ ಮಚ್ಚೆಯಂಥ ಸಣ್ಣ ವಿವರಗಳು ಮೊದಲು ಕಳೆದುಹೋಗುವುದು ಅಲ್ಲಿ. ಚಿತ್ರದಲ್ಲಿ ಮುಖ ಚಿಕ್ಕದಿದ್ದಷ್ಟೂ ನಷ್ಟ ಹೆಚ್ಚು.

ಹಾಗೆಂದು ಎಐ ಬಿಡಬೇಕಾಗಿಲ್ಲ. ಅದು ಕೊಟ್ಟ ಚಿತ್ರವನ್ನು ಅಂತಿಮ ಪೋಸ್ಟರ್ ಎಂದು ತಿಳಿಯದೆ ಹೆಲ್ಮೆಟ್ ಇರುವ ಒಂದು ಹಾಳೆ ಎಂದಷ್ಟೇ ತಿಳಿಯಬೇಕು. ಫೋಟೊಶಾಪ್ ಇರಲಿ, ದುಡ್ಡಿಲ್ಲದೆ ಸಿಗುವ ಗಿಂಪ್ ಇರಲಿ, ಅಸಲಿ ಫೋಟೊವನ್ನು ಎಲ್ಲಕ್ಕಿಂತ ಕೆಳಗಿನ ಲೇಯರ್‌ನಲ್ಲಿಟ್ಟು ಬೀಗ ಹಾಕಿ. ಹೊಸ ಚಿತ್ರವನ್ನು ಅದರ ಮೇಲಿಟ್ಟು, ಮಾಸ್ಕ್ ಹಾಕಿ, ಹೆಲ್ಮೆಟ್ ಮತ್ತು ಪಟ್ಟಿಯನ್ನು ಬಿಟ್ಟು ಉಳಿದದ್ದೆಲ್ಲವನ್ನೂ ಮರೆಮಾಡಿ. ಆಗ ಹುಬ್ಬಿನಿಂದ ಗಲ್ಲದವರೆಗೆ ಕಾಣುವುದು ಕ್ಯಾಮೆರಾ ಕಂಡ ಮುಖವೇ. ಹೆಲ್ಮೆಟ್ ಎಐನಿಂದ ಬಂದಿರಲಿ, ಬೇರೆ ಫೋಟೊದಿಂದ ಬಂದಿರಲಿ, ಮುಂದಿನ ಕೆಲಸ ಒಂದೇ.

ನನ್ನ ಮಟ್ಟಿಗೆ ಬೇರೆ ಫೋಟೊವೇ ಮೇಲು. ಅದೇ ಹೊತ್ತಿನ ಬಿಸಿಲಿನಲ್ಲಿ, ಅಷ್ಟೇ ದೂರದಿಂದ, ಅಷ್ಟೇ ಎತ್ತರದಿಂದ, ತಲೆಯನ್ನು ಅದೇ ಕಡೆಗೆ ತಿರುಗಿಸಿ ಕೂತ ಇನ್ನೊಬ್ಬರಿಗೆ ಹೆಲ್ಮೆಟ್ ಹಾಕಿಸಿ ಫೋಟೊ ತೆಗೆದುಕೊಳ್ಳಬೇಕು. ಮೇಜಿನ ಮೇಲಿಟ್ಟು ತೆಗೆದ ಹೆಲ್ಮೆಟ್ ಪ್ರಯೋಜನಕ್ಕೆ ಬಾರದು. ಅದರ ಒಳಗೆ ತಲೆ ಇರುವುದಿಲ್ಲ, ಪಟ್ಟಿಗಳು ಬಿಗಿಯಾಗಿರುವುದಿಲ್ಲ.

ಎಲ್ಲರೂ ಎಡವುವುದು ಅಳತೆಯಲ್ಲಿ. ಮೇಲಿನ ಹುಡುಗಿಯ ಫೋಟೊ 4000 ಪಿಕ್ಸೆಲ್ ಅಗಲವಿದೆ ಎನ್ನೋಣ. 42 ಸೆಂಟಿಮೀಟರ್ ಅಗಲದ ಎ2 ಪೋಸ್ಟರಿಗೆ ಅದು ಧಾರಾಳವಾಗಿ ಸಾಕು. ಹುಬ್ಬಿನಿಂದ ಗಲ್ಲದ ತುದಿಗೆ 500 ಪಿಕ್ಸೆಲ್ ಇದೆ. ಆ ವಯಸ್ಸಿನವರಲ್ಲಿ ಅದು ನಿಜದಲ್ಲಿ 11 ಸೆಂಟಿಮೀಟರ್ ಆಸುಪಾಸು. ಅಂದರೆ ಒಂದು ಸೆಂಟಿಮೀಟರಿಗೆ ಸುಮಾರು 45 ಪಿಕ್ಸೆಲ್. ಸೈಕಲ್ ಹೆಲ್ಮೆಟ್ಟಿನ ಒಳಗಿನ ಥರ್ಮಾಕೋಲಿನಂಥ ಪದರ ಎರಡರಿಂದ ಮೂರು ಸೆಂಟಿಮೀಟರ್ ದಪ್ಪ ಇರುತ್ತದೆ. ಹಾಗಾಗಿ ಹೆಲ್ಮೆಟ್ ತಲೆಬುರುಡೆಗಿಂತ ಎರಡೂ ಪಕ್ಕದಲ್ಲಿ ನೂರು ಪಿಕ್ಸೆಲ್‌ನಷ್ಟಾದರೂ ಹೊರಗೆ ಚಾಚಬೇಕು. ಆದರೆ ಡಿಸೈನರ್‌ನ ಕಣ್ಣು ಅದನ್ನು ಕೂದಲಿನ ಅಂಚಿಗೆ ಸರಿಹೊಂದಿಸಲು ನೋಡುತ್ತದೆ. ಫಲವಾಗಿ ಹೆಲ್ಮೆಟ್ ಕುಗ್ಗಿ ಟೋಪಿಯಾಗುತ್ತದೆ. ಅಸಲಿ ಹೆಲ್ಮೆಟ್ ತಲೆಯನ್ನು ದೊಡ್ಡದಾಗಿ ಕಾಣಿಸುವ ವಸ್ತು, ಅದನ್ನು ಒಪ್ಪಿಕೊಂಡುಬಿಡಬೇಕು.

ಕೂರುವ ಜಾಗಕ್ಕೂ ಲೆಕ್ಕವಿದೆ. ಮುಂದಿನ ಅಂಚು ಹುಬ್ಬಿನಿಂದ ಸುಮಾರು ಎರಡು ಬೆರಳು ಮೇಲೆ, ನೆಲಕ್ಕೆ ಸಮಾನಾಂತರವಾಗಿರಬೇಕು. ನಮ್ಮ ಫೋಟೊದಲ್ಲಿ ಅದು 120, 130 ಪಿಕ್ಸೆಲ್. ಮುಖ ಪೂರ್ತಿ ಕಾಣಲಿ ಎಂದು ಹೆಲ್ಮೆಟ್ಟನ್ನು ಹಿಂದಕ್ಕೆ ಜಾರಿಸಿ ಇಡುವವರಿದ್ದಾರೆ. ಬಿದ್ದಾಗ ಹಣೆಯೇ ನೆಲಕ್ಕೆ ತಾಗುವಂತೆ ಹೆಲ್ಮೆಟ್ ಹಾಕಿಕೊಳ್ಳುವುದನ್ನು ಆ ಪೋಸ್ಟರ್ ಕಲಿಸುತ್ತದೆ. ಪಕ್ಕದ ಎರಡು ಪಟ್ಟಿಗಳು ಕಿವಿಯ ಕೆಳಗೆ ಕೂಡಿ, ಅಲ್ಲಿಂದ ಒಂದಾಗಿ ಗಲ್ಲದಡಿಗೆ ಹೋಗಬೇಕು, ಬಕಲ್ ಹಾಕಿರಬೇಕು. ಪಟ್ಟಿ ಕೆನ್ನೆಯ ಅಂಚನ್ನು ಮುಚ್ಚುತ್ತದಲ್ಲ, ಅದು ಮುಖ ಬದಲಿಸಿದಂತಾಗಲಿಲ್ಲವೇ ಎಂದು ಕೇಳಬಹುದು. ಮುಚ್ಚುವುದು ಬೇರೆ, ತಿದ್ದುವುದು ಬೇರೆ. ಪಟ್ಟಿಯ ಲೇಯರ್ ಆರಿಸಿದರೆ ಕೆಳಗೆ ಅದೇ ಕೆನ್ನೆ ಇರಬೇಕು, ಅಷ್ಟೇ.

ಜಡೆಯ ವಿಷಯ ವಿದೇಶಿ ಪಾಠಗಳಲ್ಲಿ ಸಿಗುವುದಿಲ್ಲ. ಮಡಚಿ ಕಟ್ಟಿದ ಜಡೆ ಕಿವಿಯ ಹತ್ತಿರವೇ ಉಬ್ಬಿರುತ್ತದೆ, ಪಟ್ಟಿ ಹೋಗಬೇಕಾದ್ದೂ ಅಲ್ಲೇ. ಎಐಗೆ ಬಿಟ್ಟರೆ ರಿಬ್ಬನ್ನನ್ನು ನುಂಗಿ ಕೂದಲನ್ನು ಬಿಚ್ಚಿ ಹರಡಿಬಿಡುವುದುಂಟು. ಸರಿಯಾದ ಕ್ರಮವೆಂದರೆ ಮುಂದಿನ ಪಟ್ಟಿ ಜಡೆಯ ಮುಂದೆ ಹಾದುಹೋಗಲಿ, ಹಿಂದಿನದು ರಿಬ್ಬನ್ನಿನ ಹಿಂದೆ ಮರೆಯಾಗಲಿ. ನೆತ್ತಿಯ ಮೇಲೆ ಉಬ್ಬಿದ ಕೂದಲು ಹೆಲ್ಮೆಟ್ಟಿನ ಅಂಚಿನಿಂದ ಹೊರಗೆ ಇಣುಕಿದರೆ ಅಲ್ಲಿ ಹಿನ್ನೆಲೆಯ ಮರವನ್ನೋ ಆಕಾಶವನ್ನೋ ತುಂಬಬೇಕು. ಹಣೆಯ ಅಂಚಿನ ಪುಟ್ಟ ಕೂದಲುಗಳನ್ನು ಮಾತ್ರ ಅಳಿಸಬಾರದು. ಅವು ಮುಖದ ಲೆಕ್ಕಕ್ಕೇ ಸೇರಿದವು.

ಇಷ್ಟಾದರೂ ಹೆಲ್ಮೆಟ್ ಸ್ಟಿಕರ್‌ನಂತೆ ತೇಲುತ್ತಿರುತ್ತದೆ, ಯಾಕೆಂದರೆ ಹಣೆಯ ಮೇಲೆ ಅದರ ನೆರಳಿಲ್ಲ. ಬಿಸಿಲು ಯಾವ ಕಡೆಯದು ಎಂಬುದನ್ನು ಮೂಗಿನ ನೆರಳು ಹೇಳುತ್ತದೆ. ಹೆಲ್ಮೆಟ್ಟಿನ ನೆರಳೂ ಅದೇ ದಿಕ್ಕಿಗೆ ಬೀಳಬೇಕು. ಅದನ್ನು ಬೇರೆ ಲೇಯರ್‌ನಲ್ಲಿ, Multiply ವಿಧಾನದಲ್ಲಿ, ಹುಬ್ಬಿನ ಮೇಲೆಯೇ ನಿಲ್ಲುವಂತೆ ಬಳಿಯುತ್ತಾರೆ. ಕಪ್ಪು ಬಣ್ಣ ಬೇಡ, ಅವಳದೇ ಚರ್ಮದ ಕಡುಕಂದು ಛಾಯೆಯನ್ನು ಎತ್ತಿಕೊಂಡು ತೆಳುವಾಗಿ ಹಚ್ಚಿದರೆ ಸಾಕು.

ಗ್ಲೌಸ್ ವಿಷಯದಲ್ಲಿ ಒಂದು ಸುಲಭದ ದಾರಿ ಇದೆ. ಬೆರಳು ಅರ್ಧ ತೆರೆದಿರುವ ಗ್ಲೌಸ್ ಆರಿಸಿದರೆ ಬ್ರೇಕ್ ಹಿಡಿಯ ಮೇಲಿನ ಅಸಲಿ ಬೆರಳ ತುದಿಗಳು ಹಾಗೆಯೇ ಉಳಿಯುತ್ತವೆ. ಬೆರಳುಗಳನ್ನು ಹೊಸದಾಗಿ ಬರೆಯಹೊರಟಾಗಲೇ ಆರನೆಯದೊಂದು ಹುಟ್ಟಿಕೊಳ್ಳುವುದು. ಮುಂಗೈಯ ಮೇಲೆ ಬಟ್ಟೆಯ ಬಣ್ಣ ಹಚ್ಚುವಾಗ ಕೆಳಗಿನ ಗೆಣ್ಣಿನ ಬೆಳಕು ನೆರಳು ಮೇಲೆ ಕಾಣುತ್ತಿರಲಿ. ಕೈಬಳೆ ಇದ್ದರೆ ಇರಲಿ, ಗ್ಲೌಸಿನ ಪಟ್ಟಿ ಅದಕ್ಕಿಂತ ಕೆಳಗೆ ಮುಗಿಯಲಿ.

ಜಾಕೆಟ್ಟಿನಲ್ಲಿ ಕಷ್ಟ ಬಣ್ಣದ್ದು. ಹಳದಿ ಹಸಿರಿನ ಫ್ಲೋರೊಸೆಂಟ್ ಬಟ್ಟೆ ಬಿಸಿಲಿನ ಅತಿನೇರಳೆ ಕಿರಣವನ್ನು ಹೀರಿ ಕಣ್ಣಿಗೆ ಕಾಣುವ ಬೆಳಕಾಗಿ ಹೊರಬಿಡುತ್ತದೆ, ಅದಕ್ಕೇ ಹಗಲಿನಲ್ಲಿ ಅದು ಉರಿದಂತೆ ಕಾಣುವುದು. ಅದರ ಮೇಲಿನ ಬೂದು ಪಟ್ಟಿಯ ಕೆಲಸ ಬೇರೆ. ರಾತ್ರಿ ವಾಹನದ ದೀಪದ ಬೆಳಕು ಬಿದ್ದಾಗ ಅದನ್ನು ಬಂದ ಕಡೆಗೇ ಮರಳಿಸುತ್ತದೆ. ಹಗಲಿನ ಫೋಟೊದಲ್ಲಿ ಈ ಪಟ್ಟಿ ಬೂದಾಗಿಯೇ ಇರಬೇಕು. ಡಿಸೈನರ್‌ಗಳು ಅದನ್ನು ಬೆಳ್ಳಗೆ ಹೊಳೆಯಿಸಿದರೆ, ಸೈಕಲ್ ತುಳಿಯುವವರು ತಮ್ಮದು ಹೊಳೆಯುತ್ತಿಲ್ಲವೆಂದು ಅನುಮಾನಪಡುತ್ತಾರೆ. ಇನ್ನು ನಮ್ಮ ಸೆಕೆಗೆ ತುಂಬುತೋಳಿನ ಜಾಕೆಟ್ ಹಾಕಿಸಿದರೆ ನೋಡಿದವರು ನಕ್ಕಾರು. ಚೂಡಿದಾರಿನ ಮೇಲೆ ತೋಳಿಲ್ಲದ ಜಾಲರಿ ಜಾಕೆಟ್ ಸಾಕು, ದುಪಟ್ಟಾ ಅದರೊಳಗೆ ಸೇರಿದ್ದರೆ ಚಕ್ರಕ್ಕೆ ಸಿಕ್ಕುವ ಭಯವೂ ಇಲ್ಲ.

ಇಲ್ಲೊಂದು ಸೂಕ್ಷ್ಮ ಪೇಚಿದೆ. ಅಷ್ಟು ಉಜ್ವಲ ಜಾಕೆಟ್ ನಿಜವಾಗಿ ತೊಟ್ಟಿದ್ದರೆ ಗಲ್ಲದ ಅಡಿಗೆ ತಿಳಿ ಹಸಿರು ಛಾಯೆ ಬೀಳುತ್ತಿತ್ತು. ನೈಜವಾಗಿಸಲು ಅದನ್ನೂ ಹಾಕಬೇಕೆಂದು ವಾದಿಸುವವರಿದ್ದಾರೆ. ನಾನು ಬೇಡ ಎನ್ನುತ್ತೇನೆ. ಹಣೆಯ ನೆರಳಿಲ್ಲದೆ ಚಿತ್ರ ನಿಲ್ಲುವುದಿಲ್ಲ, ಗಲ್ಲದ ಹಸಿರಿಲ್ಲದೆ ನಿಲ್ಲುತ್ತದೆ. ಅಗತ್ಯವಿಲ್ಲದ ಬಣ್ಣ ಮುಖಕ್ಕೆ ಯಾಕೆ?

ಮುಖ ನಿಜಕ್ಕೂ ಉಳಿದಿದೆಯೇ ಎಂದು ಕಣ್ಣಂದಾಜಿನಲ್ಲಿ ಹೇಳಬಾರದು, ಪರೀಕ್ಷಿಸಬಹುದು. ಅಸಲಿ ಫೋಟೊದ ಒಂದು ಪ್ರತಿಯನ್ನು ಎಲ್ಲ ಲೇಯರ್‌ಗಳ ಮೇಲಿಟ್ಟು ಅದರ ವಿಧಾನವನ್ನು Difference ಎಂದು ಬದಲಿಸಿ. ಎರಡು ಚಿತ್ರ ಒಂದೇ ಆಗಿರುವ ಕಡೆ ಪರದೆ ಅಚ್ಚಕಪ್ಪು, ಬದಲಾದ ಕಡೆ ಬೆಳಕು. ಹೆಲ್ಮೆಟ್, ಗ್ಲೌಸ್, ಜಾಕೆಟ್ ಝಗಮಗಿಸಬೇಕು, ಹಣೆಯ ನೆರಳೂ ಗಲ್ಲದ ಪಟ್ಟಿಯೂ ಕಾಣಬೇಕು, ಉಳಿದ ಮುಖ ಕಪ್ಪಾಗಿರಬೇಕು. Levels ಎಳೆದು ಬೆಳಕು ಹೆಚ್ಚಿಸಿ ನೋಡಿದಾಗ ಕಣ್ಣು ತುಟಿಗಳ ಮಸುಕು ಗೆರೆಗಳು ಮೂಡಿದರೆ ಎಐನ ಮುಖ ಎಲ್ಲೋ ಸೋರಿ ಬಂದಿದೆ, ಅಥವಾ ಲೇಯರ್ ಒಂದೆರಡು ಪಿಕ್ಸೆಲ್ ಸರಿದಿದೆ ಎಂದೇ ಅರ್ಥ. ಈ ಪರೀಕ್ಷೆಯನ್ನು ಲೇಯರ್‌ಗಳಿರುವ ಮೂಲ ಫೈಲಿನಲ್ಲೇ ಮಾಡಬೇಕು. ಜೆಪೆಗ್ ಮಾಡಿದ ಮೇಲೆ ನೋಡಿದರೆ ಆ ಸಂಕುಚನದ ಚುಕ್ಕೆಗಳೇ ಎಲ್ಲೆಲ್ಲೂ ಮಿನುಗಿ ದಾರಿ ತಪ್ಪಿಸುತ್ತವೆ.

ಮುದ್ರಣಕ್ಕೆ ಹೋದಾಗ ಜಾಕೆಟ್ಟಿನ ಹೊಳಪು ಸಪ್ಪೆಯಾಗುವುದು ಖಚಿತ, ನಾಲ್ಕು ಬಣ್ಣದ ಮುದ್ರಣದಲ್ಲಿ ಫ್ಲೋರೊಸೆಂಟ್ ಬಣ್ಣ ಹುಟ್ಟುವುದೇ ಇಲ್ಲ. ಖರ್ಚಿಗೆ ಹಿಂಜರಿಯದಿದ್ದರೆ ಅದೊಂದಕ್ಕೆ ಐದನೇ ಶಾಯಿ ಹಾಕಿಸಬಹುದು. ಇಡೀ ಚಿತ್ರದ ಬಣ್ಣ ಏರಿಸಿ ಸರಿದೂಗಿಸಲು ಮಾತ್ರ ಹೋಗಬೇಡಿ. ಇಷ್ಟೆಲ್ಲ ಕಾಪಾಡಿದ ಮುಖಕ್ಕೆ ಅರಿಶಿನ ಹಚ್ಚಿದಂತಾಗುತ್ತದೆ. ಪೋಸ್ಟರಿನ ಮಾತಿನಲ್ಲಿ ದಂಡದ ಬೆದರಿಕೆಯೂ ಬೇಡ. ಮೋಟಾರು ವಾಹನ ಕಾಯ್ದೆಯ 129ನೇ ಕಲಮಿನ ಹೆಲ್ಮೆಟ್ ಕಡ್ಡಾಯ ಮೋಟಾರ್ ಸೈಕಲ್ಲಿನವರಿಗೆ, ತುಳಿಯುವ ಸೈಕಲ್ಲಿಗಲ್ಲ. ಕೊನೆಗೆ ಅಡಿಯಲ್ಲಿ ಸಣ್ಣ ಅಕ್ಷರದಲ್ಲಿ ‘ಹೆಲ್ಮೆಟ್, ಗ್ಲೌಸ್, ಜಾಕೆಟ್ ನಂತರ ಸೇರಿಸಲಾಗಿದೆ’ ಎಂಬ ಒಂದು ಸಾಲು ಇರಲಿ. ಆ ಹುಡುಗಿ ಬರಿತಲೆಯಲ್ಲಿ ಶಾಲೆಗೆ ಹೋಗುವುದನ್ನು ಊರೆಲ್ಲ ದಿನಾ ನೋಡಿರುತ್ತದೆ.